ನಡುವಿನ ಗೆರೆ ಆರಿಸುವ ಲೆಕ್ಕ

ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಲಿಫ್ಟಿನ ಮಹಡಿ ತೋರಿಸುವ ಫಲಕದಲ್ಲಿ, ಹಳೆಯ ಡಿಜಿಟಲ್ ಗಡಿಯಾರದಲ್ಲಿ ಅಂಕೆಗಳು ಮೂಡುವುದು ಏಳು ಗೆರೆಗಳಿಂದ. ಎಂಟು ಬರೆಯುವಾಗ ಏಳೂ ಗೆರೆಗಳು ಹೊತ್ತಿಕೊಳ್ಳುತ್ತವೆ. ಅದರಲ್ಲಿ ನಡುವಿನ ಅಡ್ಡಗೆರೆಯೊಂದನ್ನು ಆರಿಸಿದರೆ ಅದೇ ಎಂಟು ಸೊನ್ನೆಯಾಗುತ್ತದೆ. ಈ ಏಳು ಗೆರೆಗಳಿಗೆ a ಇಂದ g ವರೆಗೆ ಹೆಸರಿದ್ದು, ನಡುವಿನ ಗೆರೆಯ ಹೆಸರು g. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದೇ ಅಂಕೆಯನ್ನು ಮನಸ್ಸಿನಲ್ಲಿ ಬರೆದು ನೋಡಿ. g ಆರಿರಬೇಕಾದದ್ದು 0, 1 ಮತ್ತು 7 ಬಂದಾಗ ಮಾತ್ರ. ಉಳಿದ ಏಳು ಅಂಕೆಗಳಿಗೂ ಅದು ಬೇಕು.

ಈ ಗೆರೆಯನ್ನು ಹೊತ್ತಿಸಿ ಆರಿಸುವ ಸರ್ಕ್ಯೂಟನ್ನು ಅತಿ ಕಡಿಮೆ ಗೇಟುಗಳಲ್ಲಿ ಕಟ್ಟುವುದು ಹೇಗೆ? ಪಾಲಿಟೆಕ್ನಿಕ್ಕಿನಲ್ಲೋ ಇಂಜಿನಿಯರಿಂಗ್ ಕಾಲೇಜಿನಲ್ಲೋ ಕೆ-ಮ್ಯಾಪ್ ಕಲಿತವರ ಕೈ ಥಟ್ಟನೆ 1 ಇರುವ ಮನೆಗಳ ಕಡೆಗೆ ಹೋಗುತ್ತದೆ. ಅಭ್ಯಾಸ ಹಾಗೆ ಆಗಿರುತ್ತದೆ. ಸೊನ್ನೆಗಳನ್ನು ಗುಂಪು ಮಾಡಿ ‘ಪ್ರಾಡಕ್ಟ್ ಆಫ್ ಸಮ್ಸ್’, ಅಂದರೆ ಮೊತ್ತಗಳ ಗುಣಲಬ್ಧ, ಪಡೆಯುವ ವಿಧಾನವನ್ನು ಪಾಠದ ಕೊನೆಯಲ್ಲಿ ಅವಸರವಾಗಿ ಮುಗಿಸುವುದೇ ಹೆಚ್ಚು. ಆದರೆ ನಡುವಿನ ಗೆರೆಯ ವಿಷಯದಲ್ಲಿ ಸೊನ್ನೆಗಳ ದಾರಿಯೇ ಹತ್ತಿರದ ದಾರಿ.

ಸರ್ಕ್ಯೂಟಿಗೆ ಅಂಕೆ ತಲುಪುವುದು ನಾಲ್ಕು ತಂತಿಗಳ ಮೂಲಕ. ಅವುಗಳನ್ನು A, B, C, D ಎನ್ನೋಣ. A ತಂತಿಯ ಬೆಲೆ 8, B ಯದು 4, C ಯದು 2, D ಯದು 1. ಏಳು ಎಂದು ತಿಳಿಸಬೇಕಾದರೆ B, C, D ತಂತಿಗಳಲ್ಲಿ 1, A ಯಲ್ಲಿ 0, ಅಂದರೆ 0111. ನಾಲ್ಕು ತಂತಿಗಳಿಂದ ಒಟ್ಟು 16 ಜೋಡಣೆಗಳು ಸಾಧ್ಯ. ನಮಗೆ ಬೇಕಿರುವುದು ಮೊದಲ ಹತ್ತು. 1010 ರಿಂದ 1111 ರವರೆಗಿನ ಆರು ಜೋಡಣೆಗಳು ಯಾವ ಅಂಕೆಯನ್ನೂ ಸೂಚಿಸುವುದಿಲ್ಲ, ಅವು ಬಂದರೆ ಗೆರೆ ಹೊತ್ತಲಿ, ಆರಲಿ, ನಮಗೆ ಚಿಂತೆಯಿಲ್ಲ. ಇವಕ್ಕೆ ‘ಡೋಂಟ್ ಕೇರ್’ ಎಂದು ಹೆಸರು, ಗುರುತು X.

ಈ ಹದಿನಾರನ್ನೂ ನಾಲ್ಕು ಸಾಲು, ನಾಲ್ಕು ಕಂಬಗಳ ಚೌಕದಲ್ಲಿ ತುಂಬಿದರೆ ಅದೇ ಕೆ-ಮ್ಯಾಪ್. 1953 ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಮೌರಿಸ್ ಕಾರ್ನೋ ಇದನ್ನು ಈ ರೂಪಕ್ಕೆ ತಂದರು. ಅದಕ್ಕೆ ಒಂದು ವರ್ಷ ಮೊದಲು ಎಡ್ವರ್ಡ್ ವೀಚ್ ಇಂಥದೇ ಚೌಕವೊಂದನ್ನು ಪ್ರಕಟಿಸಿದ್ದರು. ಕಾರ್ನೋ ಮಾಡಿದ ಮುಖ್ಯ ಬದಲಾವಣೆ ಸಾಲು, ಕಂಬಗಳ ಕ್ರಮದ್ದು. 00, 01, 10, 11 ಎಂಬ ಎಣಿಕೆಯ ಕ್ರಮ ಬಿಟ್ಟು 00, 01, 11, 10 ಎಂದು ಇಟ್ಟರು. ಹೀಗಿಟ್ಟರೆ ಅಕ್ಕಪಕ್ಕದ ಯಾವ ಎರಡು ಮನೆಗಳ ನಡುವೆಯೂ ಒಂದೇ ಒಂದು ತಂತಿಯ ಬೆಲೆ ಬದಲಾಗುತ್ತದೆ. ಎಡ ಅಂಚಿನ ಮನೆಗೂ ಬಲ ಅಂಚಿನ ಮನೆಗೂ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಅದೇ ನಂಟು. ಇಡೀ ವಿಧಾನ ನಿಂತಿರುವುದು ಇದರ ಮೇಲೆ.

g ಗೆರೆಯ ಚೌಕ ಹೀಗಿರುತ್ತದೆ:

```
          CD
AB     00  01  11  10
00      0   0   1   1
01      1   1   0   1
11      X   X   X   X
10      1   1   X   X
```

ಮೇಲಿನ ಸಾಲಿನ ಎಡತುದಿಯಲ್ಲಿ ಅಂಕೆ 0, ಅದರ ಪಕ್ಕದಲ್ಲಿ ಅಂಕೆ 1, ಎರಡೂ ಮನೆಗಳಲ್ಲಿ ಸೊನ್ನೆ. ಎರಡನೇ ಸಾಲಿನ ಮೂರನೇ ಮನೆ ಏಳರದು, ಅಲ್ಲೂ ಸೊನ್ನೆ. ನಮಗೆ ಬೇಕಾದದ್ದು ಈ ಮೂರೂ ಸೊನ್ನೆಗಳನ್ನು ಒಳಗೊಳ್ಳುವ, ಸಾಧ್ಯವಾದಷ್ಟು ದೊಡ್ಡ ಗುಂಪುಗಳು. ಗುಂಪಿನಲ್ಲಿ ಒಂದು, ಎರಡು, ನಾಲ್ಕು ಅಥವಾ ಎಂಟು ಮನೆಗಳಿರಬಹುದು, ಅವು ಆಯತವಾಗಿರಬೇಕು, ಒಳಗೆ 1 ಇರಕೂಡದು. ಎರಡರ ಗುಂಪು ಕಟ್ಟಿದರೆ ಒಂದು ಅಕ್ಷರ ಕಳೆದುಹೋಗುತ್ತದೆ, ನಾಲ್ಕರದು ಕಟ್ಟಿದರೆ ಎರಡು, ಎಂಟರದು ಕಟ್ಟಿದರೆ ಮೂರು.

ಮೊದಲ ಗುಂಪು ಕಣ್ಣಿಗೆ ಬೀಳುವಂಥದೇ: 0 ಮತ್ತು 1 ರ ಮನೆಗಳು. ಇದನ್ನು ನಾಲ್ಕಕ್ಕೆ ಬೆಳೆಸಲು ಆಗುವುದಿಲ್ಲ. ಕೆಳಗೆ 4 ಮತ್ತು 5 ರ ಮನೆಗಳಲ್ಲಿ 1 ಇದೆ, ಚೌಕದ ಅಂಚು ದಾಟಿ ಕೊನೆಯ ಸಾಲಿಗೆ ಹೋದರೆ 8 ಮತ್ತು 9 ರ ಮನೆಗಳಲ್ಲೂ 1, ಬಲಕ್ಕೆ ಹೋದರೂ 1. ಏಳರ ಮನೆ ಮೇಲ್ನೋಟಕ್ಕೆ ಒಂಟಿ. ಆದರೆ ಅದರ ಕೆಳಗೆ 1111 ರ ಮನೆಯಲ್ಲಿ X ಇದೆ. X ಅನ್ನು ಸೊನ್ನೆಯೆಂದು ಹಿಡಿಯುವ ಹಕ್ಕು ನಮಗಿದೆ. ಹಿಡಿದರೆ ಏಳಕ್ಕೂ ಜೊತೆ ಸಿಕ್ಕಿತು. ಇಷ್ಟೇ, ಎರಡು ಗುಂಪು. ಉಳಿದ ಐದು X ಗಳನ್ನು ಮುಟ್ಟುವ ಅಗತ್ಯವಿಲ್ಲ. ಎಲ್ಲ X ಗಳನ್ನೂ ಯಾವುದಾದರೂ ಗುಂಪಿಗೆ ಸೇರಿಸಲೇಬೇಕು ಎಂದುಕೊಂಡು ಬರಿಯ X ಗಳಿಗಾಗಿ ಹೊಸ ಗುಂಪು ಕಟ್ಟಿದರೆ ಕೆಲಸವಿಲ್ಲದ ಒಂದು ಗೇಟು ಸರ್ಕ್ಯೂಟಿಗೆ ಬಂದು ಸೇರುತ್ತದೆ.

ಇನ್ನು ಗುಂಪನ್ನು ಓದುವ ಕ್ರಮ. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಪ್ರತಿ ಗುಂಪಿಗೂ ಒಂದು ಆರ್ ಗೇಟ್ ಕೊಡುತ್ತೇವೆ. ಆ ಗೇಟು ತನ್ನ ಗುಂಪಿನ ಮನೆಗಳಲ್ಲಿ ಮಾತ್ರ 0 ಕೊಡಬೇಕು, ಬೇರೆಲ್ಲ ಕಡೆ 1 ಕೊಡಬೇಕು. ಆರ್ ಗೇಟ್ 0 ಕೊಡುವುದು ಅದಕ್ಕೆ ಬರುವ ಎಲ್ಲ ತಂತಿಗಳೂ 0 ಆದಾಗ ಮಾತ್ರ. ಹಾಗಾದರೆ ಗುಂಪಿನಲ್ಲಿ 0 ಆಗಿಯೇ ಇರುವ ಅಕ್ಷರವನ್ನು ಇದ್ದಹಾಗೇ ಗೇಟಿಗೆ ಕೊಡಬೇಕು, 1 ಆಗಿರುವ ಅಕ್ಷರವನ್ನು ತಿರುಗಿಸಿ, ಅಂದರೆ ಬಾರ್ ಹಾಕಿ, ಕೊಡಬೇಕು. ಗುಂಪಿನೊಳಗೆ ಬೆಲೆ ಬದಲಾಗುವ ಅಕ್ಷರವನ್ನು ಕೈಬಿಡಬೇಕು. 1 ಗಳ ಗುಂಪನ್ನು ಓದುವ ನಿಯಮಕ್ಕೆ ಇದು ಸರಿಯಾಗಿ ತಿರುಗುಮುರುಗು.

0 ಮತ್ತು 1 ರ ಗುಂಪಿನಲ್ಲಿ A, B, C ಮೂರೂ 0, D ಬದಲಾಗುತ್ತದೆ. ಅದರ ಮೊತ್ತ A + B + C. ಏಳು ಮತ್ತು ಹದಿನೈದರ ಗುಂಪಿನಲ್ಲಿ B, C, D ಮೂರೂ 1, A ಬದಲಾಗುತ್ತದೆ. ಅದರ ಮೊತ್ತ B' + C' + D'. ಎರಡನ್ನೂ ಆ್ಯಂಡ್ ಗೇಟಿಗೆ ಕೊಟ್ಟರೆ, ಯಾವ ಮೊತ್ತ 0 ಆದರೂ ಗೆರೆ ಆರುತ್ತದೆ:

```
g = (A + B + C)(B' + C' + D')
```

ಇದೇ ಫಲವನ್ನು ಇನ್ನೊಂದು ಬಾಗಿಲಿನಿಂದಲೂ ತಲುಪಬಹುದು. ಸೊನ್ನೆಗಳನ್ನೇ 1 ಎಂದುಕೊಂಡು ಹಳೆಯ ಅಭ್ಯಾಸದಂತೆ ಓದಿ. ‘ಗೆರೆ ಆರಿರುವುದು ಯಾವಾಗ’ ಎಂಬ ಪ್ರಶ್ನೆಗೆ g' = A'B'C' + BCD ಎಂಬ ಉತ್ತರ ಬರುತ್ತದೆ. ಅದಕ್ಕೆ ಡಿ ಮಾರ್ಗನ್ ನಿಯಮ ಹಚ್ಚಿ ತಿರುಗಿಸಿದರೆ ಮೇಲಿನ ಸೂತ್ರವೇ ಸಿಗುತ್ತದೆ. ನೇರವಾಗಿ ಓದಲು ಧೈರ್ಯ ಸಾಲದವರಿಗೆ ಈ ದಾರಿ ಒಂದು ಹೆಜ್ಜೆ ಹೆಚ್ಚು, ಆದರೆ ಭದ್ರ. ಕಾಮನ್ ಆ್ಯನೋಡ್ ಬಗೆಯ ಡಿಸ್‌ಪ್ಲೇಗಳಲ್ಲಿ ತಂತಿಗೆ 0 ಕೊಟ್ಟರೇ ಗೆರೆ ಹೊತ್ತುವುದು, ಹಾಗಾಗಿ ಅಲ್ಲಿ g' ನೇ ಕೊನೆಯ ಉತ್ತರ.

ಈಗ 1 ಗಳ ದಾರಿಯನ್ನೂ ನೋಡಿದರೆ ಹೋಲಿಕೆ ತಿಳಿಯುತ್ತದೆ. ಅದೇ ಚೌಕದಲ್ಲಿ 1 ಗಳನ್ನು X ಗಳ ನೆರವಿನಿಂದ ಗುಂಪು ಮಾಡಿದರೆ g = A + BC' + B'C + CD' ಬರುತ್ತದೆ. ಇದಕ್ಕೆ ಮೂರು ಆ್ಯಂಡ್ ಗೇಟು, ನಾಲ್ಕು ಬಾಯಿಯ ಒಂದು ಆರ್ ಗೇಟು, ಒಟ್ಟು ನಾಲ್ಕು ಗೇಟು ಬೇಕು. ಸೊನ್ನೆಗಳ ದಾರಿಯಲ್ಲಿ ಎರಡು ಆರ್, ಒಂದು ಆ್ಯಂಡ್, ಒಟ್ಟು ಮೂರೇ. B, C, D ಗಳನ್ನು ತಿರುಗಿಸುವ ಇನ್ವರ್ಟರುಗಳು ಎರಡು ದಾರಿಗೂ ಸಮಾನ.

ಬ್ರೆಡ್‌ಬೋರ್ಡ್ ಮೇಲೆ ಜೋಡಿಸುವವರಿಗೆ ಲಾಭ ಇನ್ನೂ ಸ್ಪಷ್ಟ. ಮೊತ್ತಗಳ ಗುಣಲಬ್ಧದ ಒಂದು ಒಳ್ಳೆಯ ಗುಣವೆಂದರೆ ಅದರ ಆರ್ ಗೇಟುಗಳನ್ನೂ ಕೊನೆಯ ಆ್ಯಂಡ್ ಗೇಟನ್ನೂ ತೆಗೆದು ಎಲ್ಲ ಕಡೆ ನಾರ್ ಗೇಟು ಇಟ್ಟರೂ ಫಲ ಬದಲಾಗುವುದಿಲ್ಲ. 7427 ಎಂಬ ಚಿಪ್ಪಿನಲ್ಲಿ ಮೂರು ಬಾಯಿಯ ಮೂರು ನಾರ್ ಗೇಟುಗಳಿವೆ. ಎರಡು ಗೇಟು ಎರಡು ಮೊತ್ತಗಳಿಗೆ, ಮೂರನೆಯದು ಅವನ್ನು ಸೇರಿಸಲು. ಆ ಮೂರನೇ ಗೇಟಿನಲ್ಲಿ ಉಳಿಯುವ ಒಂದು ಬಾಯನ್ನು ಗ್ರೌಂಡಿಗೆ ಕಟ್ಟಬೇಕು, ತೇಲಲು ಬಿಡಬಾರದು. ಟಿಟಿಎಲ್ ಚಿಪ್ಪು ತೇಲುವ ಬಾಯನ್ನು 1 ಎಂದು ಓದುತ್ತದೆ, ನಾರ್ ಗೇಟಿಗೆ ಒಂದು ಬಾಯಿಯಲ್ಲಿ 1 ಬಂದರೆ ಸಾಕು, ಗೆರೆ ಎಂದಿಗೂ ಹೊತ್ತುವುದಿಲ್ಲ. ಇನ್ವರ್ಟರುಗಳಿಗಾಗಿ ಒಂದು 7404 ಸೇರಿದರೆ ಎರಡು ಚಿಪ್ಪಿನಲ್ಲಿ ಕೆಲಸ ಮುಗಿಯಿತು. 1 ಗಳ ಸೂತ್ರವನ್ನು ನ್ಯಾಂಡ್ ಗೇಟುಗಳಿಂದ ಕಟ್ಟಿದರೆ ಒಂದು 7404, ಒಂದು 7400, ಒಂದು 7420, ಹೀಗೆ ಮೂರು ಚಿಪ್ಪು ಬೇಕಾಗುತ್ತದೆ.

ತಪ್ಪಾದರೆ ತಿಳಿಯುವುದು ಹೇಗೆ? ಈ ಉದಾಹರಣೆಯನ್ನು ನಾನು ಇಷ್ಟಪಡಲು ಮುಖ್ಯ ಕಾರಣವೇ ಇದು: ಇಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ. ಸಾಮಾನ್ಯ ತಪ್ಪೆಂದರೆ ಸೊನ್ನೆಗಳ ಗುಂಪನ್ನು 1 ಗಳ ನಿಯಮದಂತೆ ಓದಿ, 0 ಗೆ ಬಾರ್ ಹಾಕಿ, 1 ಕ್ಕೆ ಹಾಕದೆ, (A' + B' + C')(B + C + D) ಎಂದು ಬರೆಯುವುದು. ಈ ಸರ್ಕ್ಯೂಟಿಗೆ ಅಂಕೆ 0 ಕೊಟ್ಟು ನೋಡಿದರೆ ಗೆರೆ ಸರಿಯಾಗಿಯೇ ಆರುತ್ತದೆ. ಎರಡನೇ ಮೊತ್ತ ಆಕಸ್ಮಿಕವಾಗಿ 0 ಆಗುವುದರಿಂದ ಹಾಗಾಗುತ್ತದೆ. ಆ ಒಂದೇ ಪರೀಕ್ಷೆಯಿಂದ ತೃಪ್ತಿಪಟ್ಟು ಎದ್ದುಹೋದರೆ ಮೋಸ ಹೋದಂತೆಯೇ. ಮುಂದೆ ಎಣಿಸುತ್ತ ಹೋದರೆ 1 ರ ಪಕ್ಕದಲ್ಲಿ ಬೇಡದ ಅಡ್ಡಗೆರೆ ಹೊತ್ತುತ್ತದೆ, 7 ರಲ್ಲೂ ಹೊತ್ತುತ್ತದೆ, 8 ಬರಬೇಕಾದಲ್ಲಿ ನಡುಗೆರೆ ಆರಿ 0 ಕಾಣುತ್ತದೆ. 2 ರಿಂದ 6 ರವರೆಗಿನ ಅಂಕೆಗಳೂ 9 ಕೂಡ ಸರಿಯಾಗಿ ಮೂಡುತ್ತವೆ. ಎಂಟು ಸೊನ್ನೆಯಾಗಿ ಕಂಡರೆ ಬಾರ್‌ಗಳನ್ನು ಅನುಮಾನಿಸಿ.

ಎರಡನೆಯ ತಪ್ಪು ಚೌಕ ಬರೆಯುವಾಗಿನದು. ಸಾಲು, ಕಂಬಗಳನ್ನು 00, 01, 10, 11 ಎಂಬ ಎಣಿಕೆಯ ಕ್ರಮದಲ್ಲಿ ಬರೆದರೆ ಏಳರ ಕೆಳಗೆ ಹದಿನೈದರ ಬದಲು ಹನ್ನೊಂದು ಬಂದು ಕೂರುತ್ತದೆ. ಅಲ್ಲೂ X ಇರುವುದರಿಂದ ಯಾವ ಸಂಶಯವೂ ಹುಟ್ಟುವುದಿಲ್ಲ, ಆದರೆ 0111 ಮತ್ತು 1011 ರ ನಡುವೆ ಎರಡು ಅಕ್ಷರಗಳು ಬದಲಾಗುತ್ತವೆ. ಬದಲಾದ ಎರಡನ್ನೂ ಕೈಬಿಟ್ಟು C' + D' ಎಂದು ಬರೆದರೆ ಸೂತ್ರ ಇನ್ನೂ ಚಿಕ್ಕದಾಯಿತೆಂಬ ಸಂತೋಷವೂ ಆಗುತ್ತದೆ. ಸರ್ಕ್ಯೂಟು ಕಟ್ಟಿದಾಗ ಅಂಕೆ 3 ರ ನಡುಗೆರೆ ಮಾಯವಾಗಿರುತ್ತದೆ. C, D ಎರಡೂ 1 ಇರುವ ಮೂರನ್ನೂ ಆ ಮೊತ್ತ ಆರಿಸಿಬಿಟ್ಟಿದೆ. ಎರಡು ಮನೆಗಳ ಗುಂಪಿನಲ್ಲಿ ಎರಡು ಅಕ್ಷರ ಕಳೆದುಹೋದರೆ ಅದು ಎಂದೂ ಸರಿಯಾದ ಗುಂಪಲ್ಲ.

ಮೂರನೆಯದು ತಪ್ಪಲ್ಲ, ಆದರೆ ತಪ್ಪಿನಂತೆ ಕಾಣುತ್ತದೆ. ಎರಡೂ ದಾರಿಗಳ ಸರ್ಕ್ಯೂಟುಗಳನ್ನು ಸಿಮ್ಯುಲೇಟರಿನಲ್ಲಿ ಪಕ್ಕಪಕ್ಕ ಇಟ್ಟು ಹದಿನಾರು ಜೋಡಣೆಗಳನ್ನೂ ಕೊಟ್ಟು ನೋಡಿದರೆ ಹದಿನೈದರಲ್ಲಿ ಒಂದೇ ಉತ್ತರ ಬರುತ್ತದೆ, 1111 ರಲ್ಲಿ ಮಾತ್ರ ಬೇರೆ. ಸೊನ್ನೆಗಳ ಸರ್ಕ್ಯೂಟು ಅಲ್ಲಿ 0 ಕೊಡುತ್ತದೆ, 1 ಗಳ ಸರ್ಕ್ಯೂಟು 1 ಕೊಡುತ್ತದೆ. ಕಾರಣ, ಆ ಒಂದು X ಅನ್ನು ನಾವು ಒಂದು ಕಡೆ ಸೊನ್ನೆಯೆಂದು ಹಿಡಿದೆವು, ಇನ್ನೊಂದು ಕಡೆ 1 ಎಂದು ಹಿಡಿದೆವು. ಡೋಂಟ್ ಕೇರ್ ಇರುವಾಗ ಎರಡು ಕನಿಷ್ಠ ಸೂತ್ರಗಳು ಒಂದಕ್ಕೊಂದು ಬೀಜಗಣಿತದಲ್ಲಿ ಸಮ ಇರಬೇಕಾಗಿಲ್ಲ, ನಮಗೆ ಬೇಕಾದ ಹತ್ತು ಅಂಕೆಗಳಲ್ಲಿ ಸಮ ಇದ್ದರೆ ಸಾಕು. ಒಂದನ್ನು ಬಿಡಿಸಿ ಇನ್ನೊಂದನ್ನು ಪಡೆಯಲು ಹೊರಟವರು ಗಂಟೆಗಟ್ಟಲೆ ಹೆಣಗಿದರೂ ಅದು ಬರುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಸರ್ಕ್ಯೂಟಿಗೆ ಅಂಕೆ ಕೊಡುವ ಕೌಂಟರು ಕರೆಂಟು ಬಂದ ಕ್ಷಣದಲ್ಲಿ ಯಾವ ಸ್ಥಿತಿಯಲ್ಲಾದರೂ ಏಳಬಹುದು. ಹತ್ತರ ಮೇಲಿನ ಜೋಡಣೆ ಬಂದಾಗ ಏನು ಕಾಣಬೇಕೆಂಬುದು ನಿಮಗೆ ಮುಖ್ಯವಾಗಿದ್ದರೆ ಅಲ್ಲಿ X ಬರೆಯಬೇಡಿ, 0 ಅಥವಾ 1 ಎಂದೇ ಬರೆಯಿರಿ.

ಇಷ್ಟಾದ ಮೇಲೆ ಒಂದು ಸುಲಭ ಸೂತ್ರ ನಾಲಿಗೆಗೆ ಬಂದುಬಿಡುತ್ತದೆ: ಸೊನ್ನೆಗಳು ಕಡಿಮೆ ಇದ್ದರೆ ಸೊನ್ನೆಗಳ ದಾರಿ, 1 ಗಳು ಕಡಿಮೆ ಇದ್ದರೆ 1 ಗಳ ದಾರಿ. ಎಷ್ಟೋ ನೋಟ್ಸ್‌ಗಳಲ್ಲಿ ಹೀಗೆಯೇ ಬರೆದಿರುತ್ತದೆ. ಇದನ್ನು ನಂಬಬಾರದು. ಅದೇ ಡಿಸ್‌ಪ್ಲೇಯ ಬೇರೆ ಎರಡು ಗೆರೆಗಳನ್ನು ನೋಡಿದರೆ ಸಾಕು.

ತಲೆಯ ಮೇಲಿನ ಅಡ್ಡಗೆರೆ a ಆರಬೇಕಾದದ್ದು 1 ಮತ್ತು 4 ಕ್ಕೆ ಮಾತ್ರ (6 ಕ್ಕೆ ಮೇಲ್ಗೆರೆ ಹೊತ್ತಿಸುವ ಬಗೆಯನ್ನು ಹಿಡಿದಿದ್ದೇನೆ. 7447 ಚಿಪ್ಪು 6 ನ್ನು ಮೇಲ್ಗೆರೆಯಿಲ್ಲದೆ ಬರೆಯುತ್ತದೆ). ಎರಡೇ ಸೊನ್ನೆ, g ಗಿಂತಲೂ ಕಡಿಮೆ. ಆದರೆ ಒಂದರ ಮನೆಯ ನಾಲ್ಕು ನೆರೆಮನೆಗಳಲ್ಲೂ 1 ಇದೆ. ಅದಕ್ಕೆ ಜೊತೆಯೇ ಇಲ್ಲ, ನಾಲ್ಕೂ ಅಕ್ಷರಗಳು ಉಳಿಯುತ್ತವೆ. ನಾಲ್ಕರ ಮನೆಗೆ 12 ರ X ಒಂದೇ ಜೊತೆ. ಹಾಗಾಗಿ (A + B + C + D')(B' + C + D) ಎಂದು ಏಳು ಅಕ್ಷರಗಳ ಸೂತ್ರ ಬರುತ್ತದೆ. 1 ಗಳ ದಾರಿಯಲ್ಲಿ A + C + BD + B'D', ಆರೇ ಅಕ್ಷರ. ಇಲ್ಲಿ ಸೊನ್ನೆಗಳು ಕಡಿಮೆಯಿದ್ದರೂ ಸೋತವು.

ಈಗ ಎಡಗಡೆಯ ಕೆಳಗಿನ ಗೆರೆ e. ಅದು ಹೊತ್ತುವುದು 0, 2, 6, 8 ಕ್ಕೆ ಮಾತ್ರ, ಉಳಿದ ಆರು ಅಂಕೆಗಳಿಗೆ ಆರಿರಬೇಕು:

```
          CD
AB     00  01  11  10
00      1   0   0   1
01      0   0   0   1
11      X   X   X   X
10      1   0   X   X
```

ನಡುವಿನ ಎರಡು ಕಂಬಗಳನ್ನು ನೋಡಿ. ಐದು ಸೊನ್ನೆ, ಮೂರು X, ಒಂದೂ 1 ಇಲ್ಲ. ಎಂಟು ಮನೆಗಳ ಒಂದೇ ಗುಂಪು. ಅಷ್ಟೂ ಕಡೆ ಬದಲಾಗದೆ ಉಳಿಯುವುದು D = 1 ಒಂದೇ, ಆದ್ದರಿಂದ ಅದರ ಮೊತ್ತ ಬರೀ D'. ಉಳಿದದ್ದು ನಾಲ್ಕರ ಸೊನ್ನೆ. ಅದನ್ನು 5 ರ ಜೊತೆ ಮಾತ್ರ ಜೋಡಿಸಿ ನಿಲ್ಲಿಸಿದರೆ A + B' + C ಎಂದು ಮೂರು ಅಕ್ಷರ ಬರುತ್ತದೆ. ಆಗಲೇ ಇನ್ನೊಂದು ಗುಂಪಿಗೆ ಸೇರಿದ 5 ನ್ನು ಮತ್ತೆ ಬಳಸುವುದಕ್ಕೆ ಅಡ್ಡಿಯಿಲ್ಲ, ಕೆಳಗಿನ 12 ಮತ್ತು 13 ರ X ಗಳನ್ನೂ ಸೇರಿಸಿಕೊಂಡರೆ ನಾಲ್ಕು ಮನೆಗಳ ಚೌಕವಾಗಿ B' + C ಮಾತ್ರ ಉಳಿಯುತ್ತದೆ. ಹೀಗೆ e = D'(B' + C), ಮೂರೇ ಅಕ್ಷರ, ಒಂದು ಆರ್, ಒಂದು ಆ್ಯಂಡ್. 1 ಗಳ ದಾರಿ B'D' + CD' ಕೊಡುತ್ತದೆ, ಅದಕ್ಕೆ ಒಂದು ಗೇಟು ಹೆಚ್ಚು. ಹತ್ತರಲ್ಲಿ ಆರು ಸೊನ್ನೆಗಳಿದ್ದೂ ಸೊನ್ನೆಗಳ ದಾರಿಯೇ ಗೆದ್ದಿತು.

ಸೊನ್ನೆಗಳು ಎಷ್ಟಿವೆ ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ, ಅವು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಎಂಬುದು ಮುಖ್ಯ. ಒಂಟಿ ಸೊನ್ನೆ ಒಂದೇ ಇದ್ದರೂ ದುಬಾರಿ, ಎಂಟು ಮನೆಗಳ ಗುಂಪು ಅಗ್ಗ. ನಾಲ್ಕು ಅಕ್ಷರಗಳ ಚೌಕದಲ್ಲಿ ಎರಡೂ ದಾರಿಗಳನ್ನು ಬರೆದು ನೋಡಲು ಕೆಲವೇ ನಿಮಿಷ ಸಾಕು. ಎರಡನ್ನೂ ಬರೆದು, ಗೇಟುಗಳನ್ನೂ ಅವುಗಳ ಬಾಯಿಗಳನ್ನೂ ಎಣಿಸಿ, ಆಮೇಲೆ ತೀರ್ಮಾನಿಸುವುದೇ ಸರಿ.

ಕೈ ಪಳಗಿಸಿಕೊಳ್ಳಬೇಕೆನ್ನುವವರು ಎಡಗಡೆಯ ಮೇಲಿನ ಗೆರೆ f ಅನ್ನು ತೆಗೆದುಕೊಳ್ಳಿ. ಅದು ಆರಬೇಕಾದದ್ದು 1, 2, 3, 7 ಕ್ಕೆ. ಎರಡರ ಸೊನ್ನೆಗೆ ದೊಡ್ಡ ಗುಂಪು ಸಿಗಬೇಕಾದರೆ ಮೇಲಿನ ಸಾಲಿನಿಂದ ಅಂಚು ದಾಟಿ ಕೆಳಗಿನ ಸಾಲಿನ X ಗಳನ್ನು ಹಿಡಿಯಬೇಕು, ಮೂರರ ಮನೆ ಮೂರೂ ಗುಂಪುಗಳಲ್ಲಿ ಬರುತ್ತದೆ. ಉತ್ತರ f = (A + B + D')(B + C')(C' + D'). ಇದನ್ನು 1 ಗಳ ಉತ್ತರವಾದ A + C'D' + BC' + BD' ಪಕ್ಕದಲ್ಲಿಟ್ಟು ಎಣಿಸಿ ನೋಡಿ: ಎರಡರಲ್ಲೂ ಏಳೇ ಅಕ್ಷರ, ನಾಲ್ಕೇ ಗೇಟು.